ಅರ್ಜಿಯಲ್ಲಿ ಅಳಬೇಡಿ

ಎಲ್‌ಎಲ್‌ಬಿ ಓದುತ್ತಿರೋ ಚಿಕ್ಕಮ್ಮನ ಮಗಳು ಕರಾರು ಕಾಯ್ದೆಯ ಪೇಪರಿನಲ್ಲಿ ಮೂರು ಅಂಕಕ್ಕೆ ಫೇಲು. ಮರುಮೌಲ್ಯಮಾಪನದ ಅರ್ಜಿ ತುಂಬ "ಕಷ್ಟಪಟ್ಟು ಓದಿದ್ದೆ, ದಯವಿಟ್ಟು..." ಇದು ನಡೆಯಲ್ಲ ಮಾರಾಯ್ತಿ, ಮೊದಲು ಉತ್ತರ ಪತ್ರಿಕೆಯ ನಕಲು ತರಿಸು ಅಂದೆ. (ಮಾಹಿತಿ ಹಕ್ಕಿನಡಿ ಅದನ್ನು ಕೇಳಬಹುದು ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.)

ವಿಷಯ ನಕಲಿನಲ್ಲೇ ಇತ್ತು. ಹದಿನೇಳರ ಹುಡುಗ ಮನೆ ಅಡವಿಟ್ಟು ಸಾಲ ತಗೊಂಡರೆ ಆ ಕರಾರು ಏನಾಗುತ್ತೆ? ಇವಳು 'ವಾಯ್ಡ್', ಅಂದ್ರೆ ಹುಟ್ಟಿನಿಂದಲೇ ಅನೂರ್ಜಿತ, ಅಂತ ಬರೆದಿದ್ದಳು. ಮೌಲ್ಯಮಾಪಕರು ಅದನ್ನು ಹೊಡೆದು 'ವಾಯ್ಡಬಲ್' ಅಂತ ತಿದ್ದಿ ಹತ್ತಕ್ಕೆ ಎರಡು ಕೊಟ್ಟಿದ್ದರು!

ಹೊಸ ಅರ್ಜಿಯನ್ನು ಬಗ್ ರಿಪೋರ್ಟಿನ ಹಾಗೆ ಬರೆಸಿದೆ:

"ಪ್ರಶ್ನೆ 4, ಪುಟ 11. ನನ್ನ ಉತ್ತರ: ವಾಯ್ಡ್. ಆಧಾರ: ಭಾರತೀಯ ಕರಾರು ಕಾಯ್ದೆ 1872, ಸೆಕ್ಷನ್ 11, ಮೊಹೊರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್, ಪ್ರಿವಿ ಕೌನ್ಸಿಲ್, 1903. ಈ ಉತ್ತರವನ್ನು ಮರುಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇನೆ."

ಅಷ್ಟೇ. ಕೂಡಿಸೋದು ತಪ್ಪಿದ್ದರೆ ಮರುಎಣಿಕೆ ಸಾಕಿತ್ತು, ಇಲ್ಲಿ ತಪ್ಪಿದ್ದು ಕಾನೂನೇ. ಮರುಮೌಲ್ಯಮಾಪನದಲ್ಲಿ ಅನುಕಂಪಕ್ಕೆ ಜಾಗವಿಲ್ಲ ಅಂತ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟೇ ಹೇಳಿದೆ. ಕಣ್ಣೀರಿಗೆ ಅಂಕ ಕೊಡಲು ಯಾವ ಅಧಿಕಾರಿಗೂ ಅಧಿಕಾರವಿಲ್ಲ. ಸೆಕ್ಷನ್ ತೋರಿಸಿದರೆ ಉತ್ತರ ಕೊಡಲೇಬೇಕಾಗುತ್ತೆ.

ಫಲಿತಾಂಶ ಇನ್ನೂ ಬಂದಿಲ್ಲ. ನೀವೇನಂತೀರಿ?