ಮೊದಲು ಬೀಗ, ಆಮೇಲೆ ಪ್ರಶ್ನೆ

2010ರ ಮಾರ್ಚ್‌ನಲ್ಲಿ ನಮ್ಮ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯವರು ಸುಮಾರು 5 ಲಕ್ಷ ಟನ್ ಕಬ್ಬಿಣದ ಅದಿರನ್ನು ವಶಪಡಿಸಿಕೊಂಡರು. ವಶ ಅಂದರೆ ಕಾಗದದ ಮೇಲೆ. ಅದಿರು ಮಾತ್ರ ಇದ್ದಲ್ಲೇ, ಅದೇ ಬಂದರಿನ ಅಂಗಳದಲ್ಲೇ ಉಳಿಯಿತು. ಜೂನ್ ಹೊತ್ತಿಗೆ ನೋಡಿದರೆ ಅದರಲ್ಲಿ ಬಹಳಷ್ಟು ಹಡಗು ಹತ್ತಿ ಹೋಗಿತ್ತು. ಆಗ ಅಮಾನತಾಗಿದ್ದು ಯಾರು ಗೊತ್ತಾ? ಅದಿರು ಹಿಡಿದ ಅರಣ್ಯಾಧಿಕಾರಿ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ನಾನು ಹಿಲ್ಲೂರಿನವನು. ಆಗ ಇಂಜಿನಿಯರಿಂಗ್ ಓದುತ್ತಿದ್ದೆ. ಇದೆಲ್ಲ ಸರ್ಕಾರಿ ಇಲಾಖೆಗಳಲ್ಲಿ ನಡೆಯುವ ವಿಷಯ, ಕಾರ್ಡ್ ತೋರಿಸದೆ ಬಾಗಿಲೇ ತೆರೆಯದ ಬೆಂಗಳೂರಿನ ಕಂಪನಿಗಳಲ್ಲಿ ಹೀಗಾಗೋದಿಲ್ಲ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ಆರೇಳು ವರ್ಷದ ಮೇಲೆ ಸಾಕ್ಷಿಯನ್ನು ಹಡಗು ಹತ್ತಿಸಿ ಕಳಿಸಿದ್ದು ನಾನೇ.

ಆಗ ಒಂದು ಮಧ್ಯಮ ಗಾತ್ರದ ಕಂಪನಿಯ ಇನ್ಫ್ರಾ ಟೀಮಿನಲ್ಲಿದ್ದೆ. ಒಂದು ಶುಕ್ರವಾರ ಎಚ್ಆರ್‌ಗೆ ಹೆಸರಿಲ್ಲದ ಮೇಲ್ ಬಂತು, ಹನ್ನೊಂದು ಸಾಲು. ಒಂದು ಪ್ರಾಜೆಕ್ಟಿಗೆ ಏಜೆನ್ಸಿಯಿಂದ ಒಂಬತ್ತು ಕಾಂಟ್ರ್ಯಾಕ್ಟರ್‌ಗಳ ಬಿಲ್ ಬರುತ್ತಿದೆ, ನಿಜವಾಗಿ ಕೆಲಸ ಮಾಡೋರು ಆರೇ ಜನ, ಮ್ಯಾನೇಜರ್‌ಗೆ ಇದು ಗೊತ್ತು, ಏಜೆನ್ಸಿ ಜೊತೆ ಅವರ ಮೇಲ್‌ಗಳಿವೆ ಅಂತ. ಸೋಮವಾರ ಬೆಳಿಗ್ಗೆ ಎಚ್ಆರ್‌ನವರು ಏನು ಮಾಡಿದರು? ಆ ಮ್ಯಾನೇಜರನ್ನೇ ಕರೆದು, "ಸರ್, ಹೀಗೊಂದು ಕಂಪ್ಲೇಂಟ್ ಬಂದಿದೆ, ನೀವೇನು ಹೇಳ್ತೀರಿ?" ಅಂತ ಕೇಳಿದರು. ಮಂಗಳವಾರ ಅವರ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಟ್ಟಿತು. ಬದಲಿ ಕೊಡಿ ಅನ್ನೋ ಟಿಕೆಟ್ ನನಗೆ ಬಂತು. ಹೊಸದು ಕೊಟ್ಟೆ, ಹಳೆಯದನ್ನು ಫಾರ್ಮ್ಯಾಟ್ ಮಾಡಿದೆ, ಗುರುವಾರ ಅದು ಹೊಸದಾಗಿ ಸೇರಿದ ಹುಡುಗನೊಬ್ಬನ ಬ್ಯಾಗಿನಲ್ಲಿತ್ತು. ದೂರಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅದೇ ವಾರ ನಮ್ಮ ಟೀಮಿಗೆ ಮೇಲಿನಿಂದ ಇನ್ನೊಂದು ಕೆಲಸ ಬಂತು: ಈ ಮೇಲ್ ಕಳಿಸಿದ್ದು ಯಾರು, ಕಂಡುಹಿಡಿಯಿರಿ.

ನನ್ನ ಸಿಟ್ಟು ಇಲ್ಲಿದೆ. ಕಂಪನಿಗಳು ದೂರು ಬಂದ ಕೂಡಲೇ ಹುಡುಕೋದನ್ನು ಅಗಲ ಮಾಡ್ತವೆ, ಕಾಪಾಡೋದನ್ನು ಕಿರಿದು ಮಾಡ್ತವೆ. ಇರಬೇಕಾದದ್ದು ಪೂರ್ತಿ ಉಲ್ಟಾ.

ಪ್ರಾಥಮಿಕ ತನಿಖೆಯ ಕೆಲಸ ಯಾರು ಕಳ್ಳ ಅಂತ ತೀರ್ಮಾನಿಸೋದಲ್ಲ. ಪೂರ್ಣ ತನಿಖೆ ಬೇಕೋ ಬೇಡವೋ ಅಂತ ಹೇಳೋದು, ಅಷ್ಟೇ. ಅದಕ್ಕೆ ಬೇಕಾದ್ದು ಒಂದೇ ಪುಟ. ನಮ್ಮ ಹನ್ನೊಂದು ಸಾಲಿನ ದೂರನ್ನೇ ತಗೊಳ್ಳಿ. "ಮ್ಯಾನೇಜರ್ ಭ್ರಷ್ಟ" ಅನ್ನೋದನ್ನು ಪರೀಕ್ಷಿಸೋಕಾಗಲ್ಲ. ಆದರೆ ಅದರೊಳಗೆ ಪರೀಕ್ಷಿಸಬಹುದಾದ ಮೂರು ಪ್ರಶ್ನೆಗಳಿವೆ. ಬಿಲ್ಲಿನಲ್ಲಿರುವ ಒಂಬತ್ತು ಹೆಸರಿಗೂ ನಮ್ಮ ಸಿಸ್ಟಮ್ಮಿನಲ್ಲಿ ಅಕೌಂಟ್ ಇದೆಯಾ? ಬಿಲ್ ಆದ ದಿನಗಳಲ್ಲಿ ಅವರು ಲಾಗಿನ್ ಆಗಿದ್ದಾರಾ? ಟೈಮ್‌ಶೀಟನ್ನು ಅಪ್ರೂವ್ ಮಾಡಿದ್ದು ಯಾರು, ಏನು ಗೊತ್ತಿದ್ದು? ಈ ಪ್ರಶ್ನೆಗಳ ಕೆಳಗೆ ಅವಧಿ ಬರೀಬೇಕು: ಏಜೆನ್ಸಿಯ ಮೊದಲ ಬಿಲ್ಲಿನಿಂದ ಇವತ್ತಿನವರೆಗೆ. ಯಾರ ಡೇಟಾ ಅಂತ ಬರೀಬೇಕು: ಮ್ಯಾನೇಜರ್, ಬಿಲ್ ಪಾಸ್ ಮಾಡಿದ ಫೈನಾನ್ಸ್‌ನವರು, ಏಜೆನ್ಸಿಯ ಜೊತೆ ವ್ಯವಹರಿಸುವವರು. ಯಾರಿಗೆ ಇದು ತಿಳೀಬಾರದು ಅಂತಲೂ ಬರೀಬೇಕು. ಅವರ ಹೆಸರು ದೂರಿನಲ್ಲಿದ್ದರೆ ಮಾತ್ರ ಅಲ್ಲ, ಆ ಬಿಲ್ಲಿಗೆ ಸಹಿ ಹಾಕಿದ ಮೇಲಧಿಕಾರಿಯೂ ಸಂಬಂಧಪಟ್ಟವರೇ. ವರದಿ ಅವರ ಟೇಬಲ್ ಮೇಲೆ ಹೋಗಬಾರದು.

ಆ ಪುಟದಲ್ಲಿ ಇರಲೇಬಾರದ ಪ್ರಶ್ನೆ ಒಂದಿದೆ: ದೂರು ಕೊಟ್ಟವರು ಯಾರು? ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೂ ಆ ಉತ್ತರ ಬೇಕಾಗಿಲ್ಲ. ಲಿಸ್ಟೆಡ್ ಕಂಪನಿಗಳು ದೂರು ಹೇಳೋಕೆ ಒಂದು ವ್ಯವಸ್ಥೆ ಇಡಬೇಕು, ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಬೇಕು ಅಂತ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ನೇ ಹೇಳುತ್ತದೆ. ನಮ್ಮಲ್ಲಿ ಊಹೆಯ ಮೇಲೆ ಒಬ್ಬ ಹುಡುಗಿಯನ್ನು ಬೆಂಚಿಗೆ ಹಾಕಿದರು. ಎರಡು ತಿಂಗಳಲ್ಲಿ ಅವಳೇ ರಾಜೀನಾಮೆ ಕೊಟ್ಟು ಹೋದಳು. ಮೇಲ್ ಬರೆದದ್ದು ಅವಳೇನಾ ಅಂತ ಯಾರೂ ಸಾಬೀತು ಮಾಡಲಿಲ್ಲ.

ಇನ್ನು ಕಾಪಾಡೋದು. ಪ್ರಶ್ನೆ ಕಿರಿದಾದಷ್ಟೂ ಬೀಗ ಅಗಲ ಇರಬೇಕು, ಯಾಕಂದರೆ ನಾಳೆ ಯಾವ ಪ್ರಶ್ನೆ ಏಳುತ್ತದೋ ಇವತ್ತು ಗೊತ್ತಿಲ್ಲ. ಯಾರ ಜೊತೆಗೂ ಮಾತಾಡುವ ಮೊದಲು, ಅಂದರೆ ಆ ಶುಕ್ರವಾರ ಸಂಜೆಯೇ ಇದು ಆಗಬೇಕಿತ್ತು. ಯಾವುದು ಮೊದಲು ಅಳಿಯುತ್ತದೋ ಅದನ್ನು ಮೊದಲು ಹಿಡಿಯಬೇಕು. ಸಿಸಿಟಿವಿ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೀತದೆ, ಹೆಚ್ಚಿನ ಕಡೆ ಕೆಲವು ವಾರಗಳಷ್ಟೇ. ಮೈಕ್ರೋಸಾಫ್ಟ್ ಮೇಲ್‌ಬಾಕ್ಸಿನಲ್ಲಿ ಒಬ್ಬರು ಪೂರ್ತಿ ಅಳಿಸಿದ ಮೇಲ್, ಸೆಟ್ಟಿಂಗ್ ಬದಲಿಸದಿದ್ದರೆ, 14 ದಿನ ಒಳಗೆ ಉಳಿದಿರುತ್ತದೆ, ಆಮೇಲೆ ಹೋಯ್ತು. ಅದೇ ಮೇಲ್‌ಬಾಕ್ಸ್ ಮೇಲೆ ಅಡ್ಮಿನ್ ಲಿಟಿಗೇಶನ್ ಹೋಲ್ಡ್ ಹಾಕಿದರೆ ಆ ವ್ಯಕ್ತಿ ಏನೇ ಅಳಿಸಲಿ, ಒಳಗೊಂದು ಪ್ರತಿ ಉಳೀತದೆ. ಅವರಿಗೆ ಗೊತ್ತೂ ಆಗಲ್ಲ. ಹಾಕೋಕೆ ಐದು ನಿಮಿಷ ಸಾಕು. ನಮ್ಮಲ್ಲಿ ಹಾಕಿದ್ದು ಮೂರು ವಾರದ ನಂತರ, ಆಡಿಟರ್ ಕೇಳಿದಾಗ. ಬೀಗ ಬಿತ್ತು, ಒಳಗೆ ಏನೂ ಇರಲಿಲ್ಲ.

ಲ್ಯಾಪ್‌ಟಾಪಿನ ವಿಷಯ ನನಗೆ ಚೆನ್ನಾಗಿ ಗೊತ್ತು, ಹಾಳು ಮಾಡಿದವನು ನಾನಲ್ವಾ. ಎಲ್ಲರೂ ಮಾಡೋ ತಪ್ಪು ಅಂದರೆ ಮಷಿನ್ ತಗೊಂಡು, ಲಾಗಿನ್ ಆಗಿ, ಬೇಕೆನಿಸಿದ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಹೊಡೆಯೋದು. ವಿಂಡೋಸ್‌ನಲ್ಲಿ ಕಾಪಿ ಮಾಡಿದ ಫೈಲಿನ 'ಕ್ರಿಯೇಟೆಡ್' ದಿನಾಂಕ ಕಾಪಿ ಮಾಡಿದ ದಿನದ್ದಾಗುತ್ತದೆ, 'ಮಾಡಿಫೈಡ್' ಹಳೆಯದೇ ಉಳೀತದೆ. ಹುಟ್ಟೋಕೂ ಮೊದಲೇ ತಿದ್ದುಪಡಿಯಾದ ಫೈಲ್ ಕಂಡರೆ ತಿಳ್ಕೊಳ್ಳಿ, ಅದು ಮೂಲವಲ್ಲ, ಪ್ರತಿ. ಸರಿಯಾದ ದಾರಿ ಬೇರೆ. ಮಷಿನನ್ನು ಬಳಸೋದು ಅಲ್ಲಿಗೇ ನಿಲ್ಲಿಸಿ, ಡಿಸ್ಕಿಗೆ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಸಾಧನದ ಮೂಲಕ ಇಡೀ ಡಿಸ್ಕಿನ ಇಮೇಜ್ ತೆಗೀಬೇಕು. ತೆಗೆದ ಕ್ಷಣದಲ್ಲೇ ಹ್ಯಾಶ್ ಲೆಕ್ಕ ಹಾಕಿ ಬರೆದಿಡಬೇಕು:

```
sha256sum laptop-07.dd > laptop-07.sha256
sha256sum -c laptop-07.sha256
```

ಎರಡನೇ ಸಾಲನ್ನು ಆರು ತಿಂಗಳ ಮೇಲೆ ಓಡಿಸಿದರೂ `OK` ಅಂತ ಬಂದರೆ ಮಧ್ಯೆ ಒಂದು ಬಿಟ್ ಕೂಡ ಬದಲಾಗಿಲ್ಲ ಅಂತ ಅರ್ಥ. ಅದರ ಪಕ್ಕದಲ್ಲಿ ಒಂದು ಕಾಗದ: ಯಾರು ಯಾರಿಂದ ಎಷ್ಟು ಗಂಟೆಗೆ ತಗೊಂಡರು, ಯಾವ ಕಪಾಟಿನಲ್ಲಿ ಇಟ್ಟರು, ಕೀ ಯಾರ ಹತ್ತಿರ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ರಿಕವರಿ ಕೀಯನ್ನೂ ಅವತ್ತೇ ತೆಗೆದಿಡಬೇಕು. ನಾನು ಫಾರ್ಮ್ಯಾಟ್ ಜೊತೆಗೆ ಡೈರೆಕ್ಟರಿಯಿಂದ ಆ ಮಷಿನಿನ ಎಂಟ್ರಿಯನ್ನೂ ಅಳಿಸಿದ್ದೆ, ಅದರ ಜೊತೆ ಕೀಯೂ ಹೋಯಿತು. ಅಚ್ಚುಕಟ್ಟಿನ ಕೆಲಸ ಅಂತ ಆಗ ಹೆಮ್ಮೆ ಬೇರೆ.

ಇದೆಲ್ಲ ಅತಿಯಾಯ್ತು, ಮೇಲಿನ ಸ್ಕ್ರೀನ್‌ಶಾಟ್ ಸಾಕಲ್ವಾ ಅನ್ನೋರಿದ್ದಾರೆ. ಸಾಕಾಗಲ್ಲ. ಸ್ಕ್ರೀನ್‌ಶಾಟಿನಲ್ಲಿ ಹೆಡರ್ ಇರಲ್ಲ, ಆ ಮೇಲ್ ಯಾವ ಸರ್ವರಿನಿಂದ ಯಾವಾಗ ಬಂತು ಅಂತ ಹೇಳೋದು ಹೆಡರ್. ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಹೋಗಿ ಫಾರ್ವರ್ಡ್ ಮಾಡಿದವರದ್ದು ಬರ್ತದೆ. ವಿಷಯ ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲೇ ಹ್ಯಾಶ್ ಎಷ್ಟು, ಯಾವ ಅಲ್ಗಾರಿದಮ್ ಅಂತ ಬರೆಯೋ ಜಾಗ ಇದೆ. ಅವತ್ತು ಲೆಕ್ಕ ಹಾಕದಿದ್ದ ಹ್ಯಾಶನ್ನು ಇವತ್ತು ಎಲ್ಲಿಂದ ತರೋದು?

ದೊಡ್ಡ ಕಂಪನಿಯ ಉದಾಹರಣೆ ಬೇಕಾದರೆ ಇನ್ಫೋಸಿಸ್ ಇದೆ. 2019ರ ಸೆಪ್ಟೆಂಬರ್ 20ರ ದಿನಾಂಕದ ಅನಾಮಧೇಯ ದೂರು, ಜೊತೆಗೆ ದಿನಾಂಕವಿಲ್ಲದ ಇನ್ನೊಂದು, ಎರಡೂ ಸೆಪ್ಟೆಂಬರ್ 30ಕ್ಕೆ ಒಬ್ಬ ನಿರ್ದೇಶಕರ ಕೈ ಸೇರಿದವು. ಅಕ್ಟೋಬರ್ 10ಕ್ಕೆ ಆಡಿಟ್ ಕಮಿಟಿಯ ಮುಂದೆ ಬಂದವು, 21ಕ್ಕೆ ಹೊರಗಿನ ಕಾನೂನು ಸಂಸ್ಥೆ ಶಾರ್ದೂಲ್ ಅಮರ್‌ಚಂದ್ ಮಂಗಳ್‌ದಾಸ್ ನೇಮಕವಾಯ್ತು. ದೂರಿನಲ್ಲಿ ಹೆಸರಿದ್ದ ಸಿಇಒ, ಸಿಎಫ್ಒ ಇಬ್ಬರನ್ನೂ ಈ ವಿಷಯದಿಂದ ದೂರ ಇಟ್ಟರು. ದೂರಿನಲ್ಲಿ ಹೇಳಿದ್ದ ಇಮೇಲ್, ಧ್ವನಿಮುದ್ರಣಗಳನ್ನು ನಮಗೆ ಕೊಟ್ಟಿಲ್ಲ ಅಂತ ಕಂಪನಿ ಹೇಳಿತು, ಆದರೆ ಅದೇ ನೆಪ ಮಾಡಿ ಫೈಲ್ ಮುಚ್ಚಲಿಲ್ಲ. 2020ರ ಜನವರಿ 10ಕ್ಕೆ ಬಂದ ಫಲಿತಾಂಶ: ಹಣಕಾಸಿನ ಅಕ್ರಮಕ್ಕೆ ಸಾಕ್ಷಿಯಿಲ್ಲ. ಆ ಮಾತಿನ ಹಿಂದೆ 46 ಜನರ ಡೇಟಾ, 8 ಟೆರಾಬೈಟ್, 2,10,000ಕ್ಕೂ ಹೆಚ್ಚು ದಾಖಲೆ, 77 ಜನರ ಜೊತೆ 128 ಸಂದರ್ಶನ ಇತ್ತು.

ಆ 46 ನೋಡಿ. ಎರಡು ಲಕ್ಷಕ್ಕೂ ಹೆಚ್ಚು ನೌಕರರಿರುವ ಕಂಪನಿಯಲ್ಲಿ 46 ಜನ. ವ್ಯಾಪ್ತಿ ಗೊತ್ತುಮಾಡೋದು ಅಂದರೆ ಇದು. ನನ್ನ ತಕರಾರು ಒಂದೇ. ಮೊದಲ ಕೈಯಿಂದ ಕಮಿಟಿಗೆ ಹತ್ತು ದಿನ ಹಿಡಿಯಿತು. ಸಣ್ಣ ಕಂಪನಿಯಲ್ಲಿ ಹತ್ತು ದಿನ ಅಂದರೆ ಆ 14 ದಿನದಲ್ಲಿ ಮುಕ್ಕಾಲು ಪಾಲು. ದೂರು ಕೈಗೆ ಸಿಕ್ಕವರು ಕಮಿಟಿ ಸೇರೋವರೆಗೆ ಕಾಯದೆ ಹೋಲ್ಡ್ ಹಾಕಿಸುವ ಅಧಿಕಾರ ಪಾಲಿಸಿಯಲ್ಲೇ ಬರೆದಿರಬೇಕು.

"ಹೇಳದೆ ಕೇಳದೆ ಒಬ್ಬರ ಮೇಲ್ ಹಿಡಿಯೋದು ಅನ್ಯಾಯ ಅಲ್ವಾ?" ಅಂತ ಗೆಳೆಯರು ಕೇಳ್ತಾರೆ. ಹಿಡಿಯೋದು ಬೇರೆ, ಓದೋದು ಬೇರೆ. ಹೋಲ್ಡ್ ಹಾಕಿದ್ದನ್ನು ಯಾರೂ ತೆರೀಬೇಕಾಗಿಲ್ಲ. ತೆರೆಯೋದು ಆ ಒಂದು ಪುಟದ ಪ್ರಶ್ನೆಗಳಿಗೆ, ಆ ಅವಧಿಗೆ, ಆ ಶಬ್ದಗಳಿಗೆ ಮಾತ್ರ. ಅವರ ಸ್ವಂತ ಫೋನು, ಮನೆಯವರ ವಾಟ್ಸಾಪ್ ಮುಟ್ಟುವ ಹಕ್ಕು ಕಂಪನಿಗಿಲ್ಲ, ಒಪ್ಪಿಗೆ ಕೇಳಬೇಕು. ಇನ್ನೂ ಒಂದು ಮಾತು. ನಮ್ಮ ಕೇಸಿನಲ್ಲಿ ಆಡಿಟರ್‌ಗೆ ಸಿಕ್ಕಿದ್ದು ಫೈನಾನ್ಸ್‌ನ ಬಿಲ್ ಮತ್ತು 90 ದಿನದ ವಿಪಿಎನ್ ಲಾಗ್. ಒಂಬತ್ತರಲ್ಲಿ ಮೂವರು ಒಂದು ದಿನವೂ ಲಾಗಿನ್ ಆಗಿರಲಿಲ್ಲ. ಮ್ಯಾನೇಜರ್ ಗೊತ್ತಿದ್ದೇ ಸಹಿ ಹಾಕಿದರಾ, ಏಜೆನ್ಸಿ ಅವರಿಗೂ ಮೋಸ ಮಾಡಿತ್ತಾ? ಅದನ್ನು ಹೇಳಬಹುದಾಗಿದ್ದದ್ದು ಆ ಮೇಲ್‌ಗಳು, ಆ ಡಿಸ್ಕು. "ಸಾಕಷ್ಟು ಆಧಾರವಿಲ್ಲ" ಅಂತ ಬರೆದು ಮುಚ್ಚಿದರು. ಅವರು ನಿರಪರಾಧಿಯಾಗಿದ್ದರೆ ಅದನ್ನು ತೋರಿಸೋ ದಾರಿಯನ್ನೂ ನಾನೇ ಅಳಿಸಿದ್ದೆ. ಮುಂದೆ ಕ್ಯಾಂಟೀನಿನಲ್ಲಿ ಅವರ ಟೇಬಲ್ಲಿಗೆ ಯಾರೂ ಹೋಗ್ತಿರಲಿಲ್ಲ.

ಈಗಿರುವ ಕಂಪನಿಯಲ್ಲಿ ಲ್ಯಾಪ್‌ಟಾಪ್ ವಾಪಸ್ ಬಂದರೆ 60 ದಿನ ಫಾರ್ಮ್ಯಾಟ್ ಮಾಡಬಾರದು ಅಂತ ನಿಯಮ ತರೋಕೆ ನಾಲ್ಕು ತಿಂಗಳು ಬಡಿದಾಡಿದೆ. ಅಷ್ಟು ಮಷಿನ್ ಸುಮ್ಮನೆ ಕಪಾಟಿನಲ್ಲಿದ್ದರೆ ಹೊಸಬರಿಗೆ ಏನು ಕೊಡೋದು ಅಂತ ಫೈನಾನ್ಸ್‌ನವರ ತಕರಾರು. ಕೊನೆಗೆ 30 ದಿನಕ್ಕೆ ಒಪ್ಪಿದರು. ಟಿಕೆಟ್ ಫಾರ್ಮಿನಲ್ಲಿ ಒಂದು ಸಾಲೂ ಸೇರಿತು: ಫಾರ್ಮ್ಯಾಟ್ ಮಾಡುವ ಮೊದಲು ಲೀಗಲ್‌ನವರ ಹೋಲ್ಡ್ ಪಟ್ಟಿ ನೋಡಿದ್ದೀರಾ? ಆ ಪಟ್ಟಿಯಲ್ಲಿ ಹೆಸರು ಕಾಣಲ್ಲ, ಮಷಿನಿನ ಸೀರಿಯಲ್ ನಂಬರ್ ಮಾತ್ರ ಕಾಣ್ತದೆ. ಟಿಕೆಟ್ ಮಾಡೋ ಹುಡುಗನಿಗೆ ಅಷ್ಟು ಗೊತ್ತಾದರೆ ಸಾಕು.