ಬೀದಿ ದೀಪದ ಕಥೆ ಇನ್ನು ಸಾಕು

"ಓದೋ ಹುಡುಗ ಬೀದಿ ದೀಪದ ಕೆಳಗಾದ್ರೂ ಓದ್ತಾನೆ ಬಿಡು ಗುರು. ಶಾಲೆ ಹತ್ರ ಇದ್ರೇನು, ದೂರ ಇದ್ರೇನು?"

ಮಕ್ಕಳು ಕಮ್ಮಿ ಅಂತ ಹಳ್ಳಿ ಶಾಲೆ ಮುಚ್ಚಿ ಪಕ್ಕದೂರಿನದಕ್ಕೆ ಸೇರಿಸುವ ಸುದ್ದಿ ಬಂದಾಗಲೆಲ್ಲ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಡೈಲಾಗ್ ಗ್ಯಾರಂಟಿ. ಜೊತೆಗೆ ನನ್ನ ಕಡೆ ಕೈ ತೋರಿಸ್ತಾರೆ: "ಇವ್ನನ್ನೇ ನೋಡು, ಹಳ್ಳಿಯಿಂದ ಬಂದು ಬಿಇ ಮಾಡ್ಲಿಲ್ವಾ?" ನನ್ನನ್ನು ಸಾಕ್ಷಿಗೆ ಕರೆದ ಮೇಲೆ ನಾನೂ ಮಾತಾಡಲೇಬೇಕಲ್ಲ.

ಈ ವಾದ ಪೂರ್ತಿ ದಡ್ಡ ವಾದವೇನಲ್ಲ. ಹೆಚ್ಚು ಓದಿದವರು ಹೆಚ್ಚು ದುಡಿಯುತ್ತಾರೆ ಅನ್ನೋದು ಎಲ್ಲ ದೇಶದ ಅಂಕಿಅಂಶದಲ್ಲೂ ಕಾಣುತ್ತೆ. ಆದರೆ ಹತ್ತನೇ ಕ್ಲಾಸಿಗೆ ನಿಂತವನನ್ನೂ ಡಿಗ್ರಿ ಮುಗಿಸಿದವನನ್ನೂ ಪಕ್ಕಪಕ್ಕ ಇಟ್ಟರೆ ಅವರಿಬ್ಬರ ನಡುವೆ ಇರೋದು ಬರೀ ಓದಿನ ವ್ಯತ್ಯಾಸ ಅಲ್ಲ. ಎರಡನೆಯವನು ಮೊದಲೇ ಚುರುಕಾಗಿದ್ದಿರಬಹುದು, ಅವನಪ್ಪನಿಗೆ ನಾಲ್ಕು ಕಾಸು ಜಾಸ್ತಿ ಇದ್ದಿರಬಹುದು. ಸಂಬಳದ ಅಂತರದಲ್ಲಿ ಶಾಲೆಯ ಪಾಲೆಷ್ಟು, ಹುಟ್ಟಿನ ಪಾಲೆಷ್ಟು? ಬರೀ ಹೋಲಿಕೆಯಿಂದ ಇದು ಗೊತ್ತಾಗಲ್ಲ. ಎ/ಬಿ ಟೆಸ್ಟ್ ಮಾಡೋಣ ಅಂದ್ರೆ ಅರ್ಧ ಮಕ್ಕಳನ್ನು ಶಾಲೆಯಿಂದ ಹೊರಗೆ ಕೂರಿಸೋಕಾಗುತ್ತಾ?

ಇಂಡೋನೇಷ್ಯಾದಲ್ಲಿ ಅಂಥದ್ದೊಂದು ಟೆಸ್ಟ್ ತಾನಾಗೇ ನಡೆದುಹೋಯ್ತು. ಅಲ್ಲಿನ ಸರ್ಕಾರ ತೈಲದ ದುಡ್ಡಲ್ಲಿ 1973ರಿಂದ ಆರೇ ವರ್ಷದೊಳಗೆ 61 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿಸಿತು. ಶಾಲೆಗೆ ಸೇರದ ಮಕ್ಕಳು ಹೆಚ್ಚಿದ್ದ ಜಿಲ್ಲೆಗೆ ಹೆಚ್ಚು ಶಾಲೆ. ಮುಂದೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಪಡೆದ ಎಸ್ತರ್ ಡುಫ್ಲೋ, 2001ರಲ್ಲಿ ಇದರ ಲೆಕ್ಕ ಹಾಕಿದರು.

ಅವರ ಉಪಾಯ ಸರಳ. 1974ರಲ್ಲಿ 2ರಿಂದ 6 ವರ್ಷದವರಾಗಿದ್ದ ಹುಡುಗರಿಗೆ ಹೊಸ ಶಾಲೆ ಸಿಕ್ಕಿತು. ಆಗಲೇ 12ರಿಂದ 17 ಆಗಿದ್ದವರಿಗೆ ಸಿಗಲಿಲ್ಲ, ಅವರ ಪ್ರಾಥಮಿಕ ಶಾಲೆಯ ವಯಸ್ಸು ದಾಟಿತ್ತು. ದೊಡ್ಡವರಾದ ಮೇಲೆ ಇವರೆಲ್ಲ ಸರಾಸರಿ ಎಷ್ಟು ವರ್ಷ ಓದಿದ್ದರು ಅಂತ ನೋಡಿದಾಗ, ಹೆಚ್ಚು ಶಾಲೆ ಬಂದ ಜಿಲ್ಲೆಗಳಲ್ಲಿ ಹಿರಿಯರದು 8.02 ವರ್ಷ, ಕಿರಿಯರದು 8.49. ಕಮ್ಮಿ ಶಾಲೆ ಬಂದ ಕಡೆ 9.40 ಮತ್ತು 9.76. ಎರಡೂ ಕಡೆ ಓದು ಹೆಚ್ಚಿದೆ, ಯಾಕಂದ್ರೆ ಕಾಲವೇ ಬದಲಾಗುತ್ತಿತ್ತು. ಆದರೆ ಹಿಂದುಳಿದ ಜಿಲ್ಲೆಗಳಲ್ಲಿ ಅದಕ್ಕಿಂತ ಒಂದು ತುಸು ಹೆಚ್ಚು, ಸುಮಾರು 0.1 ವರ್ಷ. ಆ ತುಸುವೇ ಶಾಲೆಯ ಕೊಡುಗೆ.

"ಆ ಜಿಲ್ಲೆಗಳು ಹೇಗಿದ್ರೂ ಮೇಲೆ ಬರ್ತಿದ್ವೇನೋ" ಅಂತ ನೀವು ಕೇಳಬಹುದು. ಡುಫ್ಲೋ ಅದನ್ನೂ ನೋಡಿದ್ದಾರೆ. ಹೊಸ ಶಾಲೆಯ ಗಾಳಿಯೇ ಸೋಕದ ಎರಡು ಹಿರಿಯ ತಂಡಗಳನ್ನು ಇದೇ ರೀತಿ ಹೋಲಿಸಿದರೆ ವ್ಯತ್ಯಾಸ ಬಹುತೇಕ ಸೊನ್ನೆ. ಮೇಲಿನ 0.1 ಅನ್ನೋದು ಒರಟು ಲೆಕ್ಕ, ಅದೊಂದರ ಮೇಲೇ ನಿಲ್ಲೋ ಹಾಗಿಲ್ಲ. ಅದಕ್ಕೆ ಅವರು ಪ್ರತಿ ಜಿಲ್ಲೆಗೆ ಎಷ್ಟು ಶಾಲೆ ಬಂತು, ಯಾವ ವರ್ಷ ಹುಟ್ಟಿದವರಿಗೆ ಎಷ್ಟು ಲಾಭ ಆಯ್ತು ಅಂತ ಬಿಡಿಸಿ ನೋಡಿದರು. ಸಂಬಳಕ್ಕೂ ಅದೇ ಲೆಕ್ಕ ಮಾಡಿದರು. ಬಂದ ಉತ್ತರ: ಒಂದು ಹೆಚ್ಚುವರಿ ವರ್ಷದ ಓದಿಗೆ ಸಂಬಳ ಶೇ. 6.8ರಿಂದ 10.6ರಷ್ಟು ಹೆಚ್ಚು.

ಈಗ ಬೀದಿ ದೀಪದವರು ಸ್ವಲ್ಪ ಇತ್ತ ಗಮನ ಕೊಡಿ. ಈ ಮಕ್ಕಳು ಹೆಚ್ಚು ಓದಿದ್ದು ಚುರುಕಾಗಿದ್ದರು ಅಂತಲ್ಲ, ಊರಲ್ಲಿ ಶಾಲೆ ಎದ್ದಿತು ಅಂತ. ಸಂಬಳ ತಂದುಕೊಡೋದು ಬರೀ ಹುಟ್ಟು ಬುದ್ಧಿಯೇ ಆಗಿದ್ದರೆ ಈ ಲೆಕ್ಕ ಸೊನ್ನೆಯ ಹತ್ತಿರ ಬರಬೇಕಿತ್ತು. ಬರಲಿಲ್ಲ. ಓದಿದವರನ್ನೂ ಓದದವರನ್ನೂ ಸುಮ್ಮನೆ ಹೋಲಿಸಿದರೆ ಸಿಗುವ ಸಂಖ್ಯೆಗೂ ಇದಕ್ಕೂ ಹೆಚ್ಚು ದೂರವೇ ಇರಲಿಲ್ಲ.

ಇದನ್ನು ಎಲ್ಲಿಗೆ ಬೇಕಾದರೂ ಎಳೆಯಬಾರದು. ಇದು ಸಂಬಳಕ್ಕೆ ದುಡಿಯುವ ಗಂಡಸರ ಲೆಕ್ಕ, ಪ್ರಾಥಮಿಕ ಶಾಲೆಯ ಲೆಕ್ಕ. ಇನ್ನೊಂದು ಎಂಬಿಎ ಮಾಡಿದರೆ ನಿಮ್ಮ ಪ್ಯಾಕೇಜ್ ಶೇ. 10 ಏರುತ್ತೆ ಅಂತ ಇದು ಹೇಳೋದಿಲ್ಲ. ಹೇಳುತ್ತೆ ಅನ್ನೋರು ಕೋರ್ಸ್ ಮಾರೋರು.

ನಾನು ಓದಿದ್ದಕ್ಕೆ ನನ್ನ ಬುದ್ಧಿಯೊಂದೇ ಕಾರಣ ಅಂದರೆ, ಅರ್ಧಕ್ಕೆ ಬಿಟ್ಟವರೆಲ್ಲ ದಡ್ಡರು ಅಂದ ಹಾಗಾಯ್ತು. ನಮ್ಮೂರಲ್ಲಿದ್ದದ್ದು ಏಳನೇ ಕ್ಲಾಸ್‌ವರೆಗಿನ ಶಾಲೆ. ನನ್ನ ಬ್ಯಾಚಿನಲ್ಲಿ ಓದು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಅಲ್ಲಿಗೇ, ಯಾಕಂದ್ರೆ ಅದರಾಚೆಗೆ ಆರು ಕಿಲೋಮೀಟರ್ ದಾರಿ ಇತ್ತು. ಬುದ್ಧಿ ಅಷ್ಟು ಕರಾರುವಾಕ್ಕಾಗಿ ಏಳನೇ ಕ್ಲಾಸಿಗೆ ಮುಗಿಯಲ್ಲ ಸ್ವಾಮಿ, ರಸ್ತೆ ಮುಗಿಯುತ್ತೆ.

ಮಕ್ಕಳು ಕಮ್ಮಿ ಇರುವ ಶಾಲೆ ನಡೆಸೋಕೆ ತಲೆಗೆ ಇಷ್ಟು ಖರ್ಚು ಅಂತ ಲೆಕ್ಕ ಕೊಡುವವರು ಕೊಡಲಿ. ಆ ಶಾಲೆ ಮುಚ್ಚಿದರೆ ಒಂದೊಂದು ಮಗುವಿಗೆ ಎಷ್ಟು ವರ್ಷದ ಓದು ಹೋಗುತ್ತೆ, ಆ ವರ್ಷಗಳ ದುಡಿಮೆ ಜೀವನಪೂರ್ತಿ ಎಷ್ಟು ಹೋಗುತ್ತೆ ಅನ್ನೋ ಕಾಲಮ್ಮೂ ಅದೇ ಶೀಟಿನಲ್ಲಿ ಇರಬೇಕು. ಖರ್ಚಿನ ಕಾಲಮ್ ಒಂದನ್ನೇ ತೋರಿಸೋದಕ್ಕೆ ಉಳಿತಾಯ ಅಂತ ಹೆಸರಿಡಬೇಡಿ.