ಒಂದು ಲೀಟರಿನ ಡಬ್ಬಕ್ಕೆ ಎಷ್ಟು ತಗಡು ಬೇಕು?

ತಗಡಿನ ಕೆಲಸದವನೊಬ್ಬನಿಗೆ ಎಣ್ಣೆ ಅಂಗಡಿಯಿಂದ ಬೇಡಿಕೆ ಬಂದಿದೆ ಎಂದಿಟ್ಟುಕೊಳ್ಳಿ. ಸರಿಯಾಗಿ ಒಂದು ಲೀಟರ್ ಹಿಡಿಯುವ, ಮೇಲೂ ಕೆಳಗೂ ಮುಚ್ಚಿದ ದುಂಡನೆಯ ಡಬ್ಬಗಳು ಸಾವಿರ ಬೇಕು. ಎತ್ತರ ಎಷ್ಟಿರಬೇಕು, ಅಗಲ ಎಷ್ಟಿರಬೇಕು ಎಂಬುದು ಅವನಿಗೆ ಬಿಟ್ಟದ್ದು. ತಗಡಿನ ಖರ್ಚು ಮಾತ್ರ ಅವನದೇ. ಯಾವ ಆಕಾರದಲ್ಲಿ ಮಾಡಿದರೆ ತಗಡು ಕಡಿಮೆ ಸಾಕು?

ಎರಡನೇ ಪಿ.ಯು.ಸಿ. ಗಣಿತ ಓದುವವರಿಗೆ ಈ ಲೆಕ್ಕ ಪರಿಚಿತವೇ. ‘ಎತ್ತರವು ವ್ಯಾಸಕ್ಕೆ ಸಮವಾಗಿದ್ದಾಗ ಮೇಲ್ಮೈ ವಿಸ್ತೀರ್ಣ ಕನಿಷ್ಠ’ ಎಂದು ಸಾಧಿಸಿ, ಕೆಳಗೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದರೆ ಅಡುಗೆಮನೆಯ ಕಪಾಟು ತೆರೆದು ನೋಡಿದರೆ ಎತ್ತರ, ವ್ಯಾಸ ಎರಡೂ ಸಮನಾಗಿರುವ ಡಬ್ಬ ಸುಲಭಕ್ಕೆ ಸಿಗುವುದಿಲ್ಲ. ಹಾಗಾದರೆ ಪುಸ್ತಕ ತಪ್ಪೇ, ಡಬ್ಬ ಮಾಡಿದವರು ದಡ್ಡರೇ?

ಮೊದಲು ಕೈಲೆಕ್ಕದಿಂದಲೇ ಶುರು ಮಾಡೋಣ. ಒಂದು ಲೀಟರ್ ಎಂದರೆ 1000 ಘನ ಸೆಂ.ಮೀ. ತ್ರಿಜ್ಯ 3 ಸೆಂ.ಮೀ. ಇಟ್ಟರೆ ಅಷ್ಟು ಹಿಡಿಸಲು ಡಬ್ಬ 35 ಸೆಂ.ಮೀ.ಗಿಂತ ಎತ್ತರವಾಗಬೇಕು, ಹೆಚ್ಚುಕಡಿಮೆ ಕೊಳವೆಯಂತೆ. ಅದಕ್ಕೆ ಬೇಕಾದ ತಗಡು ಸುಮಾರು 723 ಚದರ ಸೆಂ.ಮೀ. ತ್ರಿಜ್ಯ 10 ಸೆಂ.ಮೀ. ಆದರೆ ಎತ್ತರ ಮೂರು ಸೆಂ.ಮೀ. ದಾಟಿ ಸ್ವಲ್ಪ ಅಷ್ಟೇ. ತಟ್ಟೆಯಂಥ ಈ ಡಬ್ಬಕ್ಕೆ 828 ಚದರ ಸೆಂ.ಮೀ. ತಗಡು ಹೋಗುತ್ತದೆ. ಕೊಳವೆಯಲ್ಲಿ ಸುತ್ತಿನ ತಗಡು ಹೆಚ್ಚು, ತಟ್ಟೆಯಲ್ಲಿ ಮುಚ್ಚಳ ಮತ್ತು ತಳದ ತಗಡು ಹೆಚ್ಚು. ಇವೆರಡರ ನಡುವೆ ಎಲ್ಲೋ ಒಂದು ಕಡೆ ಖರ್ಚು ಅತಿ ಕಡಿಮೆ ಇರಲೇಬೇಕು.

ಆ ಜಾಗವನ್ನು ಹುಡುಕಲು ಒಟ್ಟು ತಗಡನ್ನು S ಎನ್ನೋಣ. ಎರಡು ಬಿಲ್ಲೆ ಮತ್ತು ಸುತ್ತಿನ ಪಟ್ಟಿ ಸೇರಿದರೆ

S = 2πr² + 2πrh

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹುಡುಗನೊಬ್ಬ ಈ ಸೂತ್ರವನ್ನೇ ನೇರವಾಗಿ r ಗೆ ಅವಕಲನ ಮಾಡಿ, h ಅನ್ನು ಸ್ಥಿರಾಂಕದಂತೆ ಬಿಟ್ಟು, 4πr + 2πh = 0 ಎಂದು ಬರೆದ. ಉತ್ತರ h = −2r ಬಂತು. ಕ್ಯಾಲ್ಕುಲಸ್ ಎಂದೂ ಓದದ ಅವನ ತಾಯಿ ಹೆಗಲ ಮೇಲಿಂದ ಇಣುಕಿ, “ಎತ್ತರಕ್ಕೆ ಮೈನಸ್ ಅಂದ್ರೆ ಏನೋ? ಡಬ್ಬ ನೆಲದೊಳಗೆ ಇಳೀತಾ?” ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಎತ್ತರವನ್ನು ಬದಲಿಸದೆ ತ್ರಿಜ್ಯ ಕಡಿಮೆ ಮಾಡುತ್ತ ಹೋದರೆ ತಗಡೂ ಕಡಿಮೆಯಾಗುತ್ತದೆ, ಹಿಡಿಯುವ ಎಣ್ಣೆಯೂ ಕಡಿಮೆಯಾಗುತ್ತದೆ. ಅಂಗಡಿಯವನು ಕೇಳಿದ್ದು ಒಂದು ಲೀಟರ್ ಎಂಬುದೇ ಲೆಕ್ಕದಿಂದ ಬಿಟ್ಟುಹೋಯಿತು. ಅಂಥ ಲೆಕ್ಕಕ್ಕೆ ಕನಿಷ್ಠವೇ ಇಲ್ಲ; ಅದನ್ನೇ ಆ ಮೈನಸ್ ಗುರುತು ಹೇಳುತ್ತಿದೆ.

ಆದ್ದರಿಂದ ಅವಕಲನಕ್ಕೆ ಮೊದಲೇ ಒಂದು ಲೀಟರಿನ ಷರತ್ತನ್ನು ಒಳಗೆ ಸೇರಿಸಬೇಕು. πr²h = 1000 ಆದ್ದರಿಂದ h = 1000/πr². ಇದನ್ನು ಮೇಲಿನ ಸೂತ್ರದಲ್ಲಿ ಹಾಕಿದರೆ h ಮಾಯವಾಗಿ r ಒಂದೇ ಉಳಿಯುತ್ತದೆ:

S = 2πr² + 2000/r

ಈಗ ಮೊದಲ ನಿಷ್ಪನ್ನ ತೆಗೆಯಬಹುದು. ತ್ರಿಜ್ಯವನ್ನು ಒಂದು ಚೂರು ಹೆಚ್ಚಿಸಿದಾಗ ತಗಡು ಯಾವ ದರದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದನ್ನು ಅದು ತಿಳಿಸುತ್ತದೆ.

dS/dr = 4πr − 2000/r²

ಇದರ ಎರಡು ಭಾಗಗಳನ್ನು ಬೇರೆಬೇರೆಯಾಗಿ ಓದಿ. ಮೊದಲನೆಯದು ಮುಚ್ಚಳ, ತಳಗಳಲ್ಲಿ ಹೆಚ್ಚುವ ಖರ್ಚು. ಎರಡನೆಯದು ಸುತ್ತಿನ ಪಟ್ಟಿಯಲ್ಲಿ ಆಗುವ ಉಳಿತಾಯ. ಎರಡೂ ಸಮವಾದ ಕಡೆ ನಿಷ್ಪನ್ನ ಸೊನ್ನೆ. ಆಗ r³ = 1000/2π, ಅಂದರೆ ಸುಮಾರು 159; r = 5.42 ಸೆಂ.ಮೀ., ಎತ್ತರ 10.84 ಸೆಂ.ಮೀ. ಎತ್ತರವೇ ವ್ಯಾಸ! ತಗಡು 553.6 ಚದರ ಸೆಂ.ಮೀ.

ಸೊನ್ನೆ ಬಂದ ಮಾತ್ರಕ್ಕೆ ಅದು ಕನಿಷ್ಠವೇ ಎಂದು ಹೇಳುವಂತಿಲ್ಲ, ಗರಿಷ್ಠವೂ ಆಗಿರಬಹುದು. ಎರಡೂ ಕಡೆ ಒಂದೊಂದು ಬೆಲೆ ಹಾಕಿ ನೋಡಿದರೆ ಸಾಕು. r = 5 ಆದಾಗ ನಿಷ್ಪನ್ನ −17.2, ತಗಡು ಇನ್ನೂ ಇಳಿಯುತ್ತಿದೆ. r = 6 ಆದಾಗ +19.8, ತಗಡು ಏರತೊಡಗಿದೆ. ಇಳಿದು ಏರಿದ್ದರಿಂದ ನಡುವೆ ಇರುವುದು ತಳವೇ. ಈ ಎರಡು ಸಾಲು ಬರೆಯದೆ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರಿದ್ದಾರೆ.

ಇನ್ನು ಕಪಾಟಿನ ಡಬ್ಬಗಳಿಗೆ ಬರೋಣ. ತ್ರಿಜ್ಯ 5 ಆದರೆ ತಗಡು 557.1, 6 ಆದರೆ 559.5. ಕನಿಷ್ಠಕ್ಕಿಂತ ನೂರಕ್ಕೆ ಒಂದರಷ್ಟು ಹೆಚ್ಚು, ಅಷ್ಟೇ. ತಳದ ಹತ್ತಿರ ವಕ್ರರೇಖೆ ಚಪ್ಪಟೆಯಾಗಿರುವುದರಿಂದ ಹೀಗೆ. ಗರಿಷ್ಠದ ಹತ್ತಿರವೂ ಹೀಗೆಯೇ ಆಗುತ್ತದೆ. ದ್ರಾಕ್ಷಾರಸದ ಪೀಪಾಯಿಗಳನ್ನು ಕುರಿತು 1615ರಲ್ಲಿ ಪುಸ್ತಕ ಬರೆದ ಖಗೋಳ ವಿಜ್ಞಾನಿ ಕೆಪ್ಲರ್, ಗರಿಷ್ಠದ ಆಸುಪಾಸಿನಲ್ಲಿ ಬದಲಾವಣೆ ಗೊತ್ತೇ ಆಗದಷ್ಟು ಅಲ್ಪ ಎಂಬುದನ್ನು ಗಮನಿಸಿದ್ದ. ಆಗ ಕ್ಯಾಲ್ಕುಲಸ್ ಇನ್ನೂ ಹುಟ್ಟಿರಲಿಲ್ಲ. ಆದರೆ ಅತ್ತಿತ್ತ ಬಹಳ ಸರಿದರೆ ನಷ್ಟ ಕಾಣುತ್ತದೆ. ತ್ರಿಜ್ಯ 4 ಆದರೆ ಡಬ್ಬವೊಂದಕ್ಕೆ 47 ಚದರ ಸೆಂ.ಮೀ. ಹೆಚ್ಚುವರಿ; ಸಾವಿರ ಡಬ್ಬಕ್ಕೆ 4.7 ಚದರ ಮೀಟರ್ ತಗಡು ದಂಡ.

ಇನ್ನೊಂದು ಮಾತಿದೆ, ಅದು ತಗಡಿನವನಿಗೆ ಗೊತ್ತು, ಪುಸ್ತಕದಲ್ಲಿ ಇರುವುದಿಲ್ಲ. ದುಂಡನೆಯ ಬಿಲ್ಲೆಯನ್ನು ದುಂಡನೆಯ ಹಾಳೆಯಿಂದ ಯಾರೂ ಕತ್ತರಿಸುವುದಿಲ್ಲ. ಹಾಳೆಯಲ್ಲಿ ಚೌಕ ಚೌಕವಾಗಿ ಗುರುತು ಮಾಡಿ ಕತ್ತರಿಸಿದರೆ ನಾಲ್ಕು ಮೂಲೆಯ ಚೂರು ಪೋಲು. ಹಾಗಾಗಿ ಒಂದೊಂದು ಬಿಲ್ಲೆಗೂ ಅವನು ಕೊಡುವ ಬೆಲೆ πr² ಅಲ್ಲ, 2r ಬದಿಯ ಇಡೀ ಚೌಕ, ಅಂದರೆ 4r². ಪಟ್ಟಿ ಆಯತವಾದ್ದರಿಂದ ಅದರಲ್ಲಿ ಪೋಲಿಲ್ಲ. ಈಗ ಖರ್ಚಾಗುವ ಹಾಳೆ 8r² + 2000/r. ನಿಷ್ಪನ್ನ 16r − 2000/r². ಅದನ್ನು ಸೊನ್ನೆ ಮಾಡಿದರೆ r³ = 125; ತ್ರಿಜ್ಯ ಸರಿಯಾಗಿ 5 ಸೆಂ.ಮೀ.! ಎತ್ತರ 12.73, ವ್ಯಾಸ 10. ಡಬ್ಬ ತಾನಾಗಿಯೇ ಉದ್ದವಾಯಿತು. ಬಿಲ್ಲೆಗಳನ್ನು ಜೇನುಗೂಡಿನಂತೆ ಒತ್ತೊತ್ತಾಗಿ ಗುರುತು ಮಾಡಿದರೆ ಪೋಲು ಕಡಿಮೆಯಾಗಿ ಎತ್ತರ ಮತ್ತೆ ವ್ಯಾಸದ ಕಡೆಗೆ ಸರಿಯುತ್ತದೆ. ಅಂಚು ಮಡಿಸಿ ಬೆಸೆಯಲು ಬೇಕಾದ ತಗಡನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬ ಇನ್ನೂ ಸೊಗಸಾದ ಉದಾಹರಣೆ. 330 ಮಿ.ಲೀ. ಹಿಡಿಯುವ ಸಾಮಾನ್ಯ ಡಬ್ಬ ಸುಮಾರು 66 ಮಿ.ಮೀ. ಅಗಲ, 115 ಮಿ.ಮೀ. ಎತ್ತರ. ಅದರ ಸುತ್ತಿನ ಗೋಡೆ ಸುಮಾರು 0.1 ಮಿ.ಮೀ. ದಪ್ಪ, ಮುಚ್ಚಳ ಮತ್ತು ತಳ ಅದಕ್ಕಿಂತ ಸಾಕಷ್ಟು ದಪ್ಪ. ಅವೆರಡೂ ಗೋಡೆಯ k ಪಟ್ಟು ದಪ್ಪವಿದ್ದರೆ ಲೋಹದ ಖರ್ಚು 2πkr² + 2V/r ಗೆ ಅನುಗುಣವಾಗಿರುತ್ತದೆ; ನಿಷ್ಪನ್ನವನ್ನು ಸೊನ್ನೆ ಮಾಡಿದರೆ h = 2kr. ಎತ್ತರವು ವ್ಯಾಸದ k ಪಟ್ಟು! k = 1 ಎಂದರೆ ಪುಸ್ತಕದ ಉತ್ತರ. ಪಾನೀಯದ ಡಬ್ಬದಲ್ಲಿ ಎತ್ತರವು ವ್ಯಾಸದ ಸುಮಾರು 1.7 ಪಟ್ಟು. ದಪ್ಪವೊಂದೇ ಇದಕ್ಕೆ ಕಾರಣವಲ್ಲ, ಕೈಯಲ್ಲಿ ಹಿಡಿಯಲೂ ಬರಬೇಕಲ್ಲ.

ಮನೆಯಲ್ಲಿರುವ ಡಬ್ಬಗಳ ಎತ್ತರವನ್ನು ವ್ಯಾಸದಿಂದ ಭಾಗಿಸಿ ನೋಡಿ. ಆಮೇಲೆ ಮುಚ್ಚಳವೇ ಇಲ್ಲದ, ಮೇಲೆ ತೆರೆದ ಡಬ್ಬಕ್ಕೆ ಇದೇ ಲೆಕ್ಕ ಮಾಡಿ: S = πr² + 2V/r. ಪೋಲು ಬಿಟ್ಟು ಲೆಕ್ಕ ಹಾಕಿದರೆ ಎತ್ತರವು ತ್ರಿಜ್ಯಕ್ಕೆ ಸಮ ಬರಬೇಕು.